ಕಪ್ಪು ಸೀರೆ ಬೂದಿ, ಕೆಂಪು ಸೆರಗು ಇಟ್ಟಿಗೆ: ಮೊಬೈಲ್ ಫೋಟೋದಲ್ಲಿ ಬಣ್ಣ ಕೆಡುವುದೇಕೆ?

ಪ್ರಶ್ನೆ: ನಾನು ಧಾರವಾಡದಾಕಿ. ಇಳಕಲ್ ಸೀರೆ ಮ್ಯಾಲೆ ಕೈಕಸೂತಿ ಹಾಕಿ ವಾಟ್ಸಾಪ್, ಇನ್‌ಸ್ಟಾಗ್ರಾಂನಾಗ ಮಾರ್ತೀನಿ. ಮನಿ ಕೆಲಸ ಮುಗಿಸಿ ರಾತ್ರಿ ಮೊಬೈಲಿನಾಗ ಫೋಟೋ ತಗೀತೀನಿ. ಕಪ್ಪು ಚಂದ್ರಕಾಳಿ ಸೀರಿ ಬೂದಿ ಬಣ್ಣ ಕಾಣ್ತದ. ಕೆಂಪು ಸೆರಗು ಒಂದು ಫೋಟೋದಾಗ ಕೇಸರಿ, ಇನ್ನೊಂದರಾಗ ಇಟ್ಟಿಗಿ. ನನ್ನ ಕೈ, ಮೊಬೈಲಿನ ನೆರಳು ಬ್ಯಾರೆ. ಬಣ್ಣ ಸರಿ ಇಲ್ಲಂತ ಎರಡು ಸೀರಿ ವಾಪಸ್ ಬಂದಾವ. ದೊಡ್ಡ ಕ್ಯಾಮೆರಾ ತಗೋಬೇಕೇನ್ರಿ? ಮೂರು ಫೋಟೋ ಜೊತಿಗೆ ಕಳಿಸೀನಿ.

ಉತ್ತರ: ಕ್ಯಾಮೆರಾ ಬೇಡ. ಅದೇ ದೀಪದ ಕೆಳಗೆ, ಅದೇ ರೀತಿ ತೆಗೆದರೆ ದೊಡ್ಡ ಕ್ಯಾಮೆರಾದಲ್ಲೂ ಹೆಚ್ಚುಕಡಿಮೆ ಇದೇ ಫೋಟೋ ಬರುತ್ತದೆ. ನಿಮ್ಮ ಮೂರು ಫೋಟೋಗಳಲ್ಲಿ ಮೂರು ಬೇರೆ ಬೇರೆ ತಪ್ಪುಗಳಿವೆ. ಅವನ್ನು ಬಿಡಿಸಿ ನೋಡಿದರೆ ಪರಿಹಾರವೂ ಅಲ್ಲೇ ಸಿಗುತ್ತದೆ.

ಮೊದಲ ಫೋಟೋದಲ್ಲಿ ಸೀರೆಯ ಕಪ್ಪು ಒಡಲೇ ಹೆಚ್ಚು ಜಾಗ ತುಂಬಿದೆ. ಮೂಲೆಯಲ್ಲಿ ಸೆರಗು ಸ್ವಲ್ಪ ಕಾಣುತ್ತದೆ. ಎದುರಿಗಿರುವುದು ಕಪ್ಪು ಬಟ್ಟೆ ಅಂತ ಮೊಬೈಲಿಗೆ ಗೊತ್ತಿಲ್ಲ. ದೃಶ್ಯ ಕತ್ತಲಾಗಿದೆ ಅಂದುಕೊಂಡು ಇಡೀ ಫೋಟೋವನ್ನು ಬೆಳಗಿಸುತ್ತದೆ. ಆಗ ಕಪ್ಪು ಬೂದಿಯಾಗುತ್ತದೆ. ಜೊತೆಗೆ ಕೆಂಪು ತುಂಬಿ ಹರಿಯುತ್ತದೆ. ಫೋಟೋದ ಪ್ರತಿ ಚುಕ್ಕೆಯಲ್ಲೂ ಕೆಂಪು, ಹಸಿರು, ನೀಲಿ ಅಂತ ಮೂರು ಅಳತೆ ಇರುತ್ತವೆ. ಒಂದೊಂದಕ್ಕೂ 255ರ ಮಿತಿ. ಸೆರಗಿನ ಕೆಂಪು 255 ಮುಟ್ಟಿದ ಮೇಲೆ ಮೇಲೇರಲಾರದು, ಹಸಿರು ಮಾತ್ರ ಏರುತ್ತಲೇ ಇರುತ್ತದೆ. ಕೆಂಪಿಗೆ ಹಸಿರು ಸೇರಿದರೆ ಕೇಸರಿ. ನಿಮ್ಮ ಕೇಸರಿ ಬಂದದ್ದು ಹೀಗೆ. ಫೋಟೋವನ್ನು ದೊಡ್ಡದು ಮಾಡಿ ಸೆರಗನ್ನು ನೋಡಿ. ಎಳೆಗಳೇ ಕಾಣುವುದಿಲ್ಲ, ಪೇಂಟ್ ಬಳಿದ ಹಾಗಿದೆ. ಕೆಂಪು ಮಿತಿ ದಾಟಿದೆ ಅನ್ನುವುದಕ್ಕೆ ಇದೇ ಗುರುತು. ಇದನ್ನು ಆಮೇಲೆ ಎಡಿಟ್ ಮಾಡಿ ಸರಿಪಡಿಸಲು ಬರುವುದಿಲ್ಲ, ಹೋದ ಎಳೆ ಹೋದದ್ದೇ.

ಎರಡನೆಯದರಲ್ಲಿ ಸೆರಗೇ ಚೌಕಟ್ಟು ತುಂಬಿದೆ. ಈಗ ಮೊಬೈಲ್ ಇನ್ನೊಂದು ತಪ್ಪು ಊಹೆ ಮಾಡುತ್ತದೆ. ಎಲ್ಲೆಡೆ ಕೆಂಪೇ ಇರುವುದರಿಂದ ಬೆಳಕೇ ಕೆಂಪಗಿದೆ ಅಂದುಕೊಂಡು ಕೆಂಪನ್ನು ಕಡಿಮೆ ಮಾಡುತ್ತದೆ. ಸೆರಗು ಇಟ್ಟಿಗೆಯಾಗುತ್ತದೆ. ಸೀರೆಯೂ ಅದೇ, ದೀಪವೂ ಅದೇ. ಚೌಕಟ್ಟಿನೊಳಗೆ ಏನು ಜಾಸ್ತಿ ಇದೆ ಅನ್ನುವುದರ ಮೇಲೆ ಬಣ್ಣ ಬದಲಾಯಿತು. ಇಟ್ಟಿಗೆ ಬಣ್ಣಕ್ಕೆ ದೀಪದ ಪಾಲೂ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೂರನೆಯದರಲ್ಲಿ ಸೀರೆಯ ಎಡಗಡೆ ನೀಲಿ ಛಾಯೆ, ಬಲಗಡೆ ಹಳದಿ. ಮೇಲೆ ಒಂದು ಬಿಳಿ ಟ್ಯೂಬ್‌ಲೈಟ್, ಪಕ್ಕದಲ್ಲಿ ಹಳದಿ ಬಲ್ಬ್ ಇರಬೇಕು, ಅಲ್ವಾ? ನೀಲಿ ತೆಗೆಯಲು ಹೋದರೆ ಹಳದಿ ಹೆಚ್ಚುತ್ತದೆ, ಹಳದಿ ತೆಗೆದರೆ ನೀಲಿ. ಎರಡು ಜಾತಿ ಬೆಳಕು ಸೇರಿದ ಫೋಟೋವನ್ನು ಇಡಿಯಾಗಿ ಸರಿ ಮಾಡಲು ಯಾವ ಆ್ಯಪಿನಿಂದಲೂ ಕಷ್ಟ. ನೆರಳಿಗೂ ಆ ಮೇಲಿನ ಟ್ಯೂಬ್‌ಲೈಟೇ ಕಾರಣ. ಸೀರೆ ನೆಲದ ಮೇಲೆ, ದೀಪ ನಿಮ್ಮ ತಲೆಯ ಮೇಲೆ, ನಡುವೆ ನೀವು.

ಹಾಗಾಗಿ ಮೊದಲು ದೀಪ ಸರಿ ಮಾಡೋಣ. ಕೋಣೆಯ ಮಾಮೂಲಿ ದೀಪಗಳನ್ನೆಲ್ಲ ಆರಿಸಿ. ಒಂದೇ ಕಂಪನಿಯ, ಒಂದೇ ವ್ಯಾಟಿನ, ಒಂದೇ ಬಣ್ಣದ ಎರಡು ಎಲ್‌ಇಡಿ ಬಲ್ಬ್ ತನ್ನಿ. ಡಬ್ಬಿಯ ಮೇಲೆ 4000K ಇರಲಿ, 6500K ಇರಲಿ, ಎರಡೂ ಒಂದೇ ಆಗಿದ್ದರೆ ಸಾಕು. ಅದಕ್ಕಿಂತ ಮುಖ್ಯ ಡಬ್ಬಿಯ ಮೇಲೆ CRI ಅಥವಾ Ra ಅಂತ ಬರೆದಿರುವ ಸಂಖ್ಯೆ. ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಅನ್ನುವುದಕ್ಕೆ ಅದು ಅಳತೆ, 100ಕ್ಕೆ ಇಷ್ಟು ಅಂತ. ಮನೆಗೆ ತರುವ ಮಾಮೂಲಿ ಬಲ್ಬಿನಲ್ಲಿ ಇದು 80ರ ಆಸುಪಾಸು ಇರುತ್ತದೆ. ನೀವು 90ಕ್ಕಿಂತ ಮೇಲಿನದನ್ನೇ ಕೇಳಿ.

ಕಾರಣ ಇದು. ಬಿಳಿ ಎಲ್‌ಇಡಿಯ ಒಳಗಿರುವುದು ನೀಲಿ ಬೆಳಕು ಕೊಡುವ ಚಿಪ್. ಅದರ ಮೇಲಿನ ಹಳದಿ ಲೇಪ ಆ ನೀಲಿಯ ಒಂದು ಪಾಲನ್ನು ಹಳದಿಗೆ ತಿರುಗಿಸುತ್ತದೆ. ಎರಡೂ ಸೇರಿದಾಗ ಕಣ್ಣಿಗೆ ಬಿಳಿ. ಆದರೆ ಆ ಬಿಳಿಯಲ್ಲಿ ಗಾಢ ಕೆಂಪು ತೀರಾ ಕಡಿಮೆ. ದೀಪದಲ್ಲೇ ಇಲ್ಲದ ಕೆಂಪನ್ನು ಸೆರಗು ಎಲ್ಲಿಂದ ತಂದು ತೋರಿಸೀತು? ಹಸಿರು, ನೀಲಿ ಸೀರೆಗಳಲ್ಲಿ ಈ ಕೊರತೆ ಅಷ್ಟಾಗಿ ಗೊತ್ತಾಗುವುದಿಲ್ಲ. ದಾಳಿಂಬೆ ಕೆಂಪಿನಲ್ಲಿ ಎದ್ದು ಕಾಣುತ್ತದೆ. ಕೆಲವು ಡಬ್ಬಿಗಳ ಮೇಲೆ R9 ಅಂತ ಇನ್ನೊಂದು ಸಂಖ್ಯೆ ಇರುತ್ತದೆ. ಅದು ಗಾಢ ಕೆಂಪಿಗೇ ಕೊಟ್ಟ ಅಂಕ. ಇಳಕಲ್ ಸೆರಗು ಮಾರುವವರು ಅದನ್ನು ನೋಡಿಯೇ ಕೊಳ್ಳಬೇಕು.

ಇನ್ನು ಜೋಡಣೆ. ಸೀರೆಯನ್ನು ನೆಲದ ಮೇಲೆ ಹಾಸುವುದನ್ನು ಬಿಡಿ. ಇಸ್ತ್ರಿ ಮಾಡಿ, ಒಂದು ಕೋಲಿನ ಮೇಲೆ ಹಾಕಿ, ಸೆರಗು ಪೂರ್ತಿ ಕೆಳಗಿಳಿಯುವಂತೆ ತೂಗುಹಾಕಿ. ಕೋಲು ಗೋಡೆಗೆ ಅಂಟಿಕೊಂಡಿರಬಾರದು, ಎರಡು ಅಡಿಯಾದರೂ ಮುಂದಿರಲಿ. ಆಗ ಸೀರೆಯ ನೆರಳು ಗೋಡೆ ತಲುಪುವಷ್ಟರಲ್ಲಿ ಮಸುಕಾಗುತ್ತದೆ, ಪಕ್ಕಕ್ಕೂ ಸರಿಯುತ್ತದೆ. ಗೋಡೆಗೆ ಬಿಳಿ ಬೆಡ್‌ಶೀಟ್ ಕಟ್ಟಿ. ಗೋಡೆ ಹಸಿರಿದ್ದರೆ ಆ ಹಸಿರು ಬೆಳಕಿನ ಜೊತೆ ಸೀರೆಗೂ ಬರುತ್ತದೆ. ಕೆಂಪು ರೆಡ್ ಆಕ್ಸೈಡ್ ನೆಲವೂ ಹೀಗೇ, ಸೀರೆಯ ಕೆಳಭಾಗಕ್ಕೆ ಕೆಂಪು ಎರಚುತ್ತದೆ. ಅಲ್ಲೂ ಒಂದು ಬಿಳಿ ಬಟ್ಟೆ ಹಾಸಿ. ನೀವು ಉಟ್ಟ ಬಣ್ಣವೂ ಲೆಕ್ಕಕ್ಕೆ ಬರುತ್ತದೆ, ಫೋಟೋ ತೆಗೆಯುವಾಗ ಕಡು ಹಳದಿ ಬೇಡ.

ಮೊಬೈಲನ್ನು ಟ್ರೈಪಾಡಿನಲ್ಲಿ ಸೆರಗಿನ ನಡುಮಟ್ಟಕ್ಕೆ, ಸರಿಯಾಗಿ ಎದುರಿಗೆ, ಆರು ಅಡಿ ದೂರ ನಿಲ್ಲಿಸಿ. ಹತ್ತಿರ ಹೋಗಿ 0.5xನಲ್ಲಿ ತೆಗೆದರೆ ಅಂಚು ಬಿಲ್ಲಿನಂತೆ ಬಾಗುತ್ತದೆ. 1x ಇರಲಿ. ದೀಪಗಳು ಮೊಬೈಲಿನ ಎಡಕ್ಕೊಂದು, ಬಲಕ್ಕೊಂದು. ಸೀರೆಯ ನಡುವಿನಿಂದ ಮೊಬೈಲಿಗೆ ಒಂದು ಗೆರೆ, ದೀಪಕ್ಕೆ ಒಂದು ಗೆರೆ ಎಳೆದರೆ ನಡುವೆ 45 ಡಿಗ್ರಿ ಬರಬೇಕು, ಅಂದರೆ ಕಾಗದದ ಚೌಕವನ್ನು ಮೂಲೆಗೆ ಮೂಲೆ ಮಡಿಸಿದಷ್ಟು. ಎರಡೂ ದೀಪ ಸೀರೆಯಿಂದ ಸಮ ದೂರ, ಐದು ಅಡಿ. ಹಳೆಯ ಪತ್ರ, ನಕಾಶೆಗಳ ಫೋಟೋ ತೆಗೆಯುವವರೂ ದೀಪ ಇಡುವುದು ಹೀಗೇ. ಚಪ್ಪಟೆ ವಸ್ತುವಿನ ಹೊಳಪು ಕ್ಯಾಮೆರಾಗೆ ಬರದೆ ಆಚೆ ಬದಿಗೆ ಹೋಗುತ್ತದೆ, ಮೊಬೈಲಿನ ನೆರಳೂ ಚೌಕಟ್ಟಿನ ಹೊರಗೆ ಬೀಳುತ್ತದೆ.

ದೀಪವನ್ನು ಹತ್ತಿರ ತರಲು ಮನಸ್ಸಾಗುತ್ತದೆ, ಬೆಳಕು ಜಾಸ್ತಿ ಸಿಗುತ್ತದಲ್ಲ ಅಂತ. ತರಬೇಡಿ. ದೂರ ಎರಡು ಪಟ್ಟಾದರೆ ಬಲ್ಬಿನ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ದೀಪ ತೀರಾ ಹತ್ತಿರವಿದ್ದರೆ ಸೀರೆಯ ಒಂದು ಅಂಚಿಗೆ ಎರಡು ಅಡಿ, ಇನ್ನೊಂದು ಅಂಚಿಗೆ ನಾಲ್ಕು ಅಡಿ ಆಗಿಬಿಡಬಹುದು. ಐದು ಅಡಿ ದೂರವಿದ್ದರೆ ಎರಡು ಅಂಚಿನ ನಡುವಿನ ಈ ವ್ಯತ್ಯಾಸ ಅಷ್ಟಿರುವುದಿಲ್ಲ, ಉಳಿದದ್ದನ್ನು ಎದುರಿನ ದೀಪ ತುಂಬುತ್ತದೆ.

ಬರೀ ಬಲ್ಬಿನ ನೆರಳು ಚೂಪಾಗಿ ಬೀಳುತ್ತದೆ. ಪ್ರತಿ ದೀಪದ ಮುಂದೆ ಒಂದಡಿ ಬಿಟ್ಟು ಬಿಳಿ ಪಂಚೆ ಇಳಿಬಿಡಿ. ಬಲ್ಬಿಗೆ ತಾಗಬಾರದು. ಆಗ ಬೆಳಕು ಒಂದು ಚುಕ್ಕೆಯಿಂದ ಬರುವ ಬದಲು ಪಂಚೆಯ ಅಗಲದಿಂದ ಬರುತ್ತದೆ, ನೆರಳಿನ ಅಂಚು ಕರಗುತ್ತದೆ. ಎರಡೂ ಕಡೆ ಒಂದೇ ಪಂಚೆಯ ತುಂಡು ಇರಲಿ. ಒಂದು ಹಳೆಯದು, ಒಂದು ಹೊಸದಾದರೆ ಒಂದು ಬದಿ ಹಳದಿಗೆ ತಿರುಗುತ್ತದೆ.

ಬೆಳಕು ಸಮ ಇದೆಯೋ ಇಲ್ಲವೋ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ, ಕಣ್ಣು ಹೊಂದಿಕೊಂಡುಬಿಡುತ್ತದೆ. ಒಂದು ಪೆನ್ಸಿಲಿನ ಹಿಂತುದಿಯನ್ನು ಸೆರಗಿನ ನಡುವೆ ಒತ್ತಿ, ಮೊನೆ ಮೊಬೈಲಿನ ಕಡೆಗೆ ನೆಟ್ಟಗೆ ಹಿಡಿಯಿರಿ. ಎಡಕ್ಕೊಂದು ಬಲಕ್ಕೊಂದು ನೆರಳು ಬೀಳುತ್ತದೆ. ಎರಡೂ ಒಂದೇ ಉದ್ದ, ಒಂದೇ ಕಪ್ಪು ಇದ್ದರೆ ಸರಿ. ಎಡಗಡೆಯ ನೆರಳು ಗಾಢವಾಗಿದ್ದರೆ ಬಲಗಡೆಯ ದೀಪ ಜೋರಾಗಿದೆ, ಅದನ್ನು ಸ್ವಲ್ಪ ಹಿಂದೆ ಸರಿಸಿ. ನೆರಳಿನ ಉದ್ದ ಬೇರೆಯಾಗಿದ್ದರೆ ಕೋನ ತಪ್ಪಿದೆ. ಕೊನೆಗೆ ಸೀರೆಯ ಜಾಗದಲ್ಲಿ ಬಿಳಿ ಬೆಡ್‌ಶೀಟ್ ತೂಗುಹಾಕಿ ಒಂದು ಫೋಟೋ ತೆಗೆಯಿರಿ. ಎಡಿಟ್‌ನಲ್ಲಿ ಬ್ರೈಟ್‌ನೆಸ್ ಇಳಿಸುತ್ತಾ ಹೋದರೆ ಬಿಳಿ ಬೂದಿಯಾಗುತ್ತದೆ, ಯಾವ ಮೂಲೆಯಲ್ಲಿ ಬೆಳಕು ಕಡಿಮೆ ಅಂತ ಆಗ ಎದ್ದು ಕಾಣುತ್ತದೆ. ಒಮ್ಮೆ ಸರಿಯಾದ ಮೇಲೆ ನೆಲದಲ್ಲಿ ದೀಪದ, ಟ್ರೈಪಾಡಿನ ಜಾಗಕ್ಕೆ ಚಾಕ್‌ಪೀಸಿನಿಂದ ಗುರುತು ಹಾಕಿಬಿಡಿ.

ಈಗ ಬಣ್ಣ. ಮೊಬೈಲ್ ಊಹೆ ಮಾಡುವುದನ್ನು ನಿಲ್ಲಿಸಬೇಕು, ಬಿಳಿ ಅಂದರೆ ಯಾವುದು ಅಂತ ನಾವೇ ತೋರಿಸಬೇಕು. ಹೆಚ್ಚಿನವರು ಎ4 ಹಾಳೆ ಇಡುತ್ತಾರೆ. ಅದು ನಿಜವಾದ ಬಿಳಿಯಲ್ಲ. ಬೆಳ್ಳಗೆ ಕಾಣಲಿ ಅಂತ ಕಾಗದಕ್ಕೆ ಹೊಳಪು ಕೊಡುವ ರಾಸಾಯನಿಕ ಸೇರಿಸಿರುತ್ತಾರೆ, ಬಿಸಿಲಿನ ಬೆಳಕಿನಲ್ಲಿ ಅದು ನೀಲಿ ಸೂಸುತ್ತದೆ. ಆ ನೀಲಿಯನ್ನು ಬಿಳಿ ಅಂತ ಹೇಳಿಕೊಟ್ಟರೆ ಇಡೀ ಫೋಟೋ ಹಳದಿಗೆ ಜಾರುತ್ತದೆ. ಫೋಟೋ ಅಂಗಡಿಯಲ್ಲಿ ಬೂದು ಬಣ್ಣದ ಗ್ರೇ ಕಾರ್ಡ್ ಸಿಗುತ್ತದೆ, ಅದು ಒಳ್ಳೆಯದು. ಸಿಗದಿದ್ದರೆ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಪ್ಲಂಬರ್‌ಗಳು ನಲ್ಲಿಯ ತಿರುಪಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪ್ ತನ್ನಿ. ಲಗ್ನಪತ್ರಿಕೆಯ ರಟ್ಟಿನ ಒಂದು ತುಂಡಿಗೆ ಅದನ್ನು ಹತ್ತು ಹದಿನೈದು ಸುತ್ತು ಒತ್ತಾಗಿ ಸುತ್ತಿ, ರಟ್ಟಿನ ಬಣ್ಣ ಇಣುಕದ ಹಾಗೆ. ಟೆಫ್ಲಾನ್ ಎಲ್ಲ ಬಣ್ಣದ ಬೆಳಕನ್ನೂ ಹೆಚ್ಚುಕಡಿಮೆ ಸಮನಾಗಿ ಹಿಂದಿರುಗಿಸುತ್ತದೆ. ಪ್ರಯೋಗಾಲಯಗಳಲ್ಲಿ ಬಿಳಿಗೆ ಮಾದರಿಯಾಗಿ ಇಡುವ ತಟ್ಟೆಗಳಲ್ಲೂ ಇದೇ ವಸ್ತು ಇರುತ್ತದೆ.

ಈ ತುಂಡನ್ನು ಸೆರಗಿನ ಮೇಲೆ ಪಿನ್ ಮಾಡಿ ಮೊದಲ ಫೋಟೋ ತೆಗೆಯಿರಿ. ಮೊಬೈಲಿನ ಕ್ಯಾಮೆರಾದಲ್ಲಿ Pro ಮೋಡ್ ಇದ್ದರೆ ಅದಕ್ಕೆ ಹೋಗಿ. ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅಂತ ಹೇಳುವ ISO 100 ಅಥವಾ 200 ಇಡಿ. ಶಟರ್, ಅಂದರೆ ಬೆಳಕು ಒಳಗೆ ಬಿಡುವ ಸಮಯ, 1/50 ಅಥವಾ 1/100 ಸೆಕೆಂಡ್ ಇರಲಿ. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತಿನದು, ಹಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ಇದಕ್ಕೆ ಹೊಂದದಿದ್ದರೆ ಫೋಟೋದಲ್ಲಿ ಅಡ್ಡಡ್ಡ ಪಟ್ಟೆ ಬೀಳಬಹುದು. ಆಮೇಲೆ WB, ಅಂದರೆ ವೈಟ್ ಬ್ಯಾಲೆನ್ಸ್ ಒತ್ತಿ, ಟೇಪಿನಲ್ಲಿ ನೀಲಿಯೂ ಹಳದಿಯೂ ಕಾಣದ ಕಡೆ ನಿಲ್ಲಿಸಿ. ಅದು Autoನಲ್ಲಿ ಉಳಿಯಬಾರದು, ಇಲ್ಲದಿದ್ದರೆ ಪ್ರತಿ ಫೋಟೋಗೂ ಹೊಸ ಊಹೆ. HDR, ಫಿಲ್ಟರ್, ದೃಶ್ಯ ನೋಡಿ ಬಣ್ಣ ಏರಿಸುವ ಸೌಲಭ್ಯ, ಎಲ್ಲ ಆಫ್.

ಬೆಳಕು ಎಷ್ಟು ಬೇಕು ಅನ್ನುವುದನ್ನೂ ಟೇಪೇ ಹೇಳುತ್ತದೆ. ಟೇಪ್ ಬೆಳ್ಳಗೆ ಕಾಣಬೇಕು, ಆದರೆ ಸುತ್ತಿನ ಮೇಲೆ ಸುತ್ತು ಬಂದ ಸಣ್ಣ ಗೆರೆಗಳೂ ಕಾಣಬೇಕು. ಗೆರೆ ಮಾಯವಾದರೆ ಬೆಳಕು ಜಾಸ್ತಿಯಾಗಿದೆ. ಟೇಪ್ ಸರಿಯಿದ್ದರೆ ಚಂದ್ರಕಾಳಿಯ ಕಪ್ಪು ತಾನಾಗಿ ಕಪ್ಪಾಗುತ್ತದೆ. ಸೆರಗನ್ನು ದೊಡ್ಡದು ಮಾಡಿ ರೇಷ್ಮೆಯ ಎಳೆ ಕಾಣುತ್ತಿದೆಯೇ ನೋಡಿ. ಇನ್ನೂ ಪೇಂಟ್ ಬಳಿದ ಹಾಗಿದ್ದರೆ ಶಟರ್ ಇನ್ನೊಂದು ಹೆಜ್ಜೆ ಬೇಗ ಮಾಡಿ, ಅಂದರೆ 1/50 ಇದ್ದದ್ದು 1/100. ಫೋಟೋ ತುಸು ಕಪ್ಪಗಾದರೂ ಚಿಂತೆಯಿಲ್ಲ, ಆಮೇಲೆ ಸ್ವಲ್ಪ ಏರಿಸಬಹುದು. ಮಿತಿ ದಾಟಿದ ಕೆಂಪನ್ನು ಇಳಿಸಲು ಆಗುವುದಿಲ್ಲ.

Pro ಇಲ್ಲದ ಮೊಬೈಲಿನಲ್ಲಿ ಟೇಪಿನ ಮೇಲೆ ಬೆರಳು ಒತ್ತಿ ಹಿಡಿಯಿರಿ, ಐಫೋನಿನಲ್ಲಾದರೆ AE/AF LOCK ಅಂತ ಬರುತ್ತದೆ. ಬೆಳಕಿನ ಅಳತೆ ಅಲ್ಲಿಗೆ ನಿಲ್ಲುತ್ತದೆ. ಬಣ್ಣವನ್ನು ಆಮೇಲೆ ಸ್ನ್ಯಾಪ್‌ಸೀಡ್‌ನಲ್ಲಿ ಸರಿ ಮಾಡಬಹುದು. White Balanceಗೆ ಹೋಗಿ, ಪಿಚಕಾರಿಯಂಥ ಗುರುತನ್ನು ಒತ್ತಿ, ಅದನ್ನು ಟೇಪಿನ ಮೇಲಿಟ್ಟರೆ ಸಾಕು. ಇದಕ್ಕೆ ಪ್ರತಿ ಫೋಟೋದ ಮೂಲೆಯಲ್ಲೂ ಟೇಪ್ ಇರಬೇಕು, ಕೊನೆಗೆ ಕತ್ತರಿಸಿಕೊಳ್ಳಿ.

ಫೋಟೋ ನೋಡುವ ಪರದೆಯೂ ಮೋಸ ಮಾಡುತ್ತದೆ. ಮೊಬೈಲಿನ ಡಿಸ್‌ಪ್ಲೇ Vividನಲ್ಲಿದ್ದರೆ ಎಲ್ಲ ಕೆಂಪೂ ಕುಂಕುಮವೇ. Naturalಗೆ ಹಾಕಿ, ರಾತ್ರಿ ಕಣ್ಣಿಗೆ ಹಿತವಾಗಲಿ ಅಂತ ಪರದೆ ಹಳದಿ ಮಾಡುವ ಸೌಲಭ್ಯ ಆರಿಸಿ, ಆಮೇಲೆ ಸೀರೆಯನ್ನು ಪಕ್ಕದಲ್ಲೇ ಹಿಡಿದು ಹೋಲಿಸಿ. ಹೋಲಿಸುವುದು ಮಾತ್ರ ಹಗಲಿನಲ್ಲಿ, ಬಾಗಿಲ ಬಳಿ. ಗಿರಾಕಿಗಳು ಸೀರೆಯ ಬಣ್ಣಕ್ಕೆ ತೀರ್ಪು ಕೊಡುವುದು ಹೆಚ್ಚಾಗಿ ಹಗಲಿನಲ್ಲೇ.

ಇಷ್ಟಾದರೂ ಎರಡು ಕಡೆ ತೊಡಕು ಉಳಿಯುತ್ತದೆ. ಒಂದು, ಸೆರಗು ರೇಷ್ಮೆ, ಒಡಲು ಹತ್ತಿ. ಹತ್ತಿ ಬೆಳಕನ್ನು ಎಲ್ಲ ಕಡೆಗೂ ಚೆಲ್ಲುತ್ತದೆ, ರೇಷ್ಮೆ ಒಂದೇ ದಿಕ್ಕಿಗೆ ಹೊಳೆಯುತ್ತದೆ. ಸೆರಗಿನ ಮೇಲೆ ಹಾಲಿನ ಕೆನೆಯಂಥ ಬಿಳಿ ಪೊರೆ ಕಂಡರೆ ದೀಪದ ಹೊಳಪು ಮೊಬೈಲಿಗೆ ಬರುತ್ತಿದೆ ಅಂತ ಅರ್ಥ. ಎರಡೂ ದೀಪವನ್ನು ಮೊಬೈಲಿನಿಂದ ಇನ್ನಷ್ಟು ಪಕ್ಕಕ್ಕೆ, ಗೋಡೆಯ ಕಡೆಗೆ ಸರಿಸಿ, ಪೊರೆ ಹೋಗುತ್ತದೆ. ಅತಿಯಾಗಿ ಸರಿಸಿದರೆ ಇಸ್ತ್ರಿಯ ಸಣ್ಣ ಸುಕ್ಕಿಗೂ ನೆರಳು ಬೀಳಲು ಶುರುವಾಗುತ್ತದೆ, ಅಲ್ಲಿಗೆ ನಿಲ್ಲಿಸಿ.

ಎರಡನೆಯದು ನಿಮ್ಮ ಕಸೂತಿ. ನೆರಳೇ ಇಲ್ಲದ ಬೆಳಕಿನಲ್ಲಿ ಹೊಲಿಗೆಯ ಉಬ್ಬು ಕಾಣುವುದಿಲ್ಲ. ಬಣ್ಣಕ್ಕೆ ಆ ಬೆಳಕು ಬೇಕು. ಆದರೆ ಗವಂತಿ, ಮುರ್ಗಿ, ನೇಗಿ, ಮೆಂತೆ ಹೊಲಿಗೆಗಳೆಲ್ಲ ಅದರಲ್ಲಿ ಪ್ರಿಂಟ್ ಮಾಡಿದ ಹಾಗೆ ಕಾಣುತ್ತವೆ. ಕೈಕೆಲಸದ ಬೆಲೆ ಕೇಳುವ ನಿಮಗೆ ಇದು ನಷ್ಟ. ಅದಕ್ಕೇ ಎಲ್ಲ ಫೋಟೋವನ್ನೂ ಚಪ್ಪಟೆ ಬೆಳಕಿನಲ್ಲಿ ತೆಗೆಯಬೇಡಿ ಅನ್ನುತ್ತೇನೆ. ಕಸೂತಿಯ ಒಂದು ತೇರನ್ನೋ ಗೋಪುರವನ್ನೋ ಹತ್ತಿರದಿಂದ ತೆಗೆಯುವಾಗ ಒಂದು ದೀಪ ಆರಿಸಿಬಿಡಿ. ಉಳಿದ ದೀಪ ಬಟ್ಟೆಯನ್ನು ಸವರಿಕೊಂಡು ಹೋಗುವಷ್ಟು ಪಕ್ಕಕ್ಕೆ ಬರಲಿ. ಪ್ರತಿ ಹೊಲಿಗೆಯ ಪಕ್ಕದಲ್ಲೂ ಕೂದಲೆಳೆಯಷ್ಟು ನೆರಳು ಮೂಡಿ ದಾರ ಎದ್ದು ನಿಲ್ಲುತ್ತದೆ. ಕಪ್ಪಿನ ಮೇಲಿನ ಬಿಳಿ ದಾರ ಬೇಗ ಮಿತಿ ದಾಟುತ್ತದೆ, ಬೆಳಕನ್ನು ದಾರಕ್ಕೆ ಅಳೆಯಿರಿ, ಬಟ್ಟೆಗಲ್ಲ. ಅದೇ ಜಾಗದ ಹಿಂಬದಿಯ ಫೋಟೋವನ್ನೂ ಹಾಕಿ. ಗಂಟು ಹಾಕದೆ, ಎರಡೂ ಬದಿ ಒಂದೇ ಥರ ಬರುವ ಗವಂತಿಯನ್ನು ನೋಡಿದರೆ ಇದು ಮಷೀನ್ ಎಂಬ್ರಾಯ್ಡರಿ ಅಲ್ಲ ಅಂತ ಬಲ್ಲವರಿಗೆ ಬೇರೆ ಹೇಳಬೇಕಿಲ್ಲ.

ಒಳ್ಳೆಯ ಬಲ್ಬ್ ಸಿಗುವ ತನಕ ರಾತ್ರಿ ಫೋಟೋ ನಿಲ್ಲಿಸಿ, ಹಗಲಿನಲ್ಲಿ ತೆಗೆಯಿರಿ. ಆಕಾಶದ ಬೆಳಕಿನಲ್ಲಿ ಕೆಂಪಿಗೆ ಕೊರತೆಯಿಲ್ಲ. ಬಿಸಿಲು ನೇರ ಬೀಳದ ಕಿಟಕಿ ಹುಡುಕಿ, ಸೀರೆಯನ್ನು ಅದರಿಂದ ಐದಾರು ಅಡಿ ಒಳಗೆ ತೂಗುಹಾಕಿ. ಕಿಟಕಿ ಒಂದು ಬದಿಗಿರಲಿ, ಎದುರು ಬದಿಗೆ ಸೀರೆಗೆ ಹತ್ತಿರವಾಗಿ ದೊಡ್ಡ ಥರ್ಮೋಕೋಲ್ ಹಾಳೆ ನಿಲ್ಲಿಸಿ, ಎರಡನೆಯ ದೀಪದ ಕೆಲಸ ಅದು ಮಾಡುತ್ತದೆ. ಪೆನ್ಸಿಲ್ ಪರೀಕ್ಷೆ ಇಲ್ಲೂ ನಡೆಯುತ್ತದೆ. ಮೋಡ ಬಂದು ಹೋದರೆ ಬೆಳಕಿನ ಬಣ್ಣವೂ ಬದಲಾಗುತ್ತದೆ, ಪ್ರತಿ ಸಲ ಟೇಪ್ ಇಟ್ಟು ಹೊಸದಾಗಿ WB ಮಾಡಿಕೊಳ್ಳಿ.

ಗಿರಾಕಿಯ ಪರದೆ ನಿಮ್ಮ ಕೈಯಲ್ಲಿಲ್ಲ. ‘ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ ಇರಬಹುದು’ ಅಂತ ಕೆಳಗೆ ಬರೆಯುವುದರಿಂದ ಏನೂ ಉಪಯೋಗವಿಲ್ಲ, ಯಾರೂ ಓದುವುದಿಲ್ಲ. ‘ಸೆರಗು ದಾಳಿಂಬೆ ಕೆಂಪು, ಕೇಸರಿ ಛಾಯೆ ಇಲ್ಲ’ ಅಂತ ಬರೆಯಿರಿ. ವಾಪಸ್ ಬಂದ ಆ ಎರಡು ಸೀರೆಗಳನ್ನೇ ಮೊದಲು ಹೀಗೆ ತೆಗೆದು, ಹಳೆಯ ಫೋಟೋ ಅಳಿಸಿ ಹೊಸದು ಹಾಕಿ. ವಾಟ್ಸಾಪಿನಲ್ಲಿ ಕಳಿಸುವಾಗ HD ಒತ್ತುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಕಸೂತಿಯ ಎಳೆಗಳೆಲ್ಲ ಕಲಸಿಹೋಗುತ್ತವೆ.